ಈ ಸಂದೇಶ ಬರೆದವರಿಗೆ ದುಡ್ಡು ಕೊಡುವವರು ಯಾರು?

ಕಳೆದ ವಾರ ಒಂದೇ ದಿನ ನನ್ನನ್ನು ಹುಡುಕಿಕೊಂಡು ಐದು ಕೆಲಸಗಳು ಬಂದವು. ಅವುಗಳಲ್ಲಿ ಎರಡು ಒಂದೇ ಕೆಲಸ, ಬೇರೆ ಬೇರೆ ಕನ್ಸಲ್ಟೆನ್ಸಿಗಳಿಂದ. ಒಂದು ಚೆನ್ನೈನಲ್ಲಿ, ಮೂರು ವರ್ಷ ಅನುಭವ ಇದ್ದವರಿಗೆ. ಇನ್ನೆರಡು ‘ಒರಾಕಲ್ ಫ್ಯೂಷನ್ ಎಚ್‌ಸಿಎಂ’ ಬಲ್ಲವರಿಗೆ. ನಾನು ಹದಿಮೂರು ವರ್ಷಗಳಿಂದ ಬೆಂಗಳೂರಿನಲ್ಲಿ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಆಗಿದ್ದೇನೆ. ಮೊದಲು ಒರಾಕಲ್, ಈಗ ಹೆಚ್ಚಾಗಿ ಪೋಸ್ಟ್‌ಗ್ರೆಸ್. ಎಚ್‌ಸಿಎಂ ಎಂದರೆ ನೌಕರರ ರಜೆ, ಸಂಬಳ, ಬಡ್ತಿಗಳನ್ನು ನೋಡಿಕೊಳ್ಳುವ ತಂತ್ರಾಂಶ. ಹೆಸರಿನಲ್ಲಿ ಒರಾಕಲ್ ಇದೆ ಎನ್ನುವುದನ್ನು ಬಿಟ್ಟರೆ ಅದಕ್ಕೂ ನನ್ನ ಕೆಲಸಕ್ಕೂ ಇರುವ ನಂಟು ಬಸವನಗುಡಿಯ ಬಸವನಿಗೂ ಬಸವನಹುಳುವಿಗೂ ಇರುವಷ್ಟೇ.

ಮೊದಮೊದಲು ಇಂಥ ಸಂದೇಶ ಬಂದಾಗ ಸಿಟ್ಟು ಬರುತ್ತಿತ್ತು. ಪ್ರೊಫೈಲ್ ಓದದೆ ಹೇಗೆ ಬರೆಯುತ್ತಾರೆ ಎಂದು. ಆ ಸಿಟ್ಟನ್ನು ಇಳಿಸಿದವಳು ನನ್ನ ಚಿಕ್ಕಪ್ಪನ ಮಗಳು. ಅವಳು ಎರಡು ವರ್ಷ ಮಾರತ್ತಹಳ್ಳಿಯ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ರಿಕ್ರೂಟರ್ ಆಗಿದ್ದಳು. ಹಬ್ಬಕ್ಕೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ನಾನು ಈ ದೂರು ತೆಗೆದೆ. ಅವಳು ನಕ್ಕು ಹೇಳಿದ್ದು: “ಅಣ್ಣಾ, ನಿನ್ನ ಪ್ರೊಫೈಲನ್ನು ಓದುವುದಕ್ಕೆ ನನಗೆ ಯಾರೂ ದುಡ್ಡು ಕೊಡುವುದಿಲ್ಲ. ನಾವು ಓದುವುದಿಲ್ಲ, ಜರಡಿ ಹಿಡಿಯುತ್ತೇವೆ.”

ಆ ಜರಡಿ ಹೇಗಿರುತ್ತದೆ ಎಂದೂ ಅವಳೇ ವಿವರಿಸಿದಳು. ಬೆಳಿಗ್ಗೆ ಒಂದು ‘ರಿಕ್ವೈರ್‌ಮೆಂಟ್’ ಬರುತ್ತದೆ. ನೌಕ್ರಿ ಜಾಲತಾಣದ ರೆಸ್‌ಡೆಕ್ಸ್ ಎಂಬ ರೆಸ್ಯೂಮೆ ಭಂಡಾರಕ್ಕೆ ಕನ್ಸಲ್ಟೆನ್ಸಿ ಹಣ ಕಟ್ಟಿರುತ್ತದೆ. ಅಲ್ಲಿ ಎರಡು ಮೂರು ಪದ, ಅನುಭವದ ವರ್ಷ, ಊರು, ನೋಟಿಸ್ ಅವಧಿ, ಇತ್ತೀಚೆಗೆ ಜಾಲತಾಣಕ್ಕೆ ಬಂದವರು ಎಂಬ ಷರತ್ತುಗಳನ್ನು ಕೊಟ್ಟರೆ ಒಂದು ಪಟ್ಟಿ ಬೀಳುತ್ತದೆ. ಪಟ್ಟಿಯಲ್ಲಿರುವ ಎಲ್ಲರನ್ನೂ ಗುರುತು ಹಾಕಿ ಒಂದೇ ಮೇಲ್ ಕಳುಹಿಸುತ್ತಾರೆ. ನಾನು ಯಾವುದೋ ಕಾರಣಕ್ಕೆ ಪ್ರೊಫೈಲಿನಲ್ಲಿ ಒಂದು ಸಾಲು ತಿದ್ದಿದ ವಾರವೇ ಫೋನು ಜಾಸ್ತಿಯಾಗುವುದೇಕೆ ಎಂಬುದು ನನಗೆ ಆಗ ತಿಳಿಯಿತು. ತಿದ್ದಿದರೆ ನಾನು ‘ಇತ್ತೀಚೆಗೆ ಬಂದವರ’ ಸಾಲಿಗೆ ಸೇರುತ್ತೇನೆ.

ಅವಳು ಹೇಳಿದ ಇನ್ನೊಂದು ವಿಷಯ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಅದು ದುಡ್ಡಿನ ಲೆಕ್ಕ. ಇಲ್ಲಿನ ಕನ್ಸಲ್ಟೆನ್ಸಿಗಳ ರೂಢಿಯ ದರ ವಾರ್ಷಿಕ ಸಂಬಳದ 8.33 ಶೇಕಡಾ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದರೆ, ಅದು ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಒಂದು ತಿಂಗಳ ಸಂಬಳ. 24 ಲಕ್ಷದ ಕೆಲಸಕ್ಕೆ ಒಬ್ಬರನ್ನು ಸೇರಿಸಿದರೆ ಕಂಪನಿ ಕನ್ಸಲ್ಟೆನ್ಸಿಗೆ ಸುಮಾರು ಎರಡು ಲಕ್ಷ ಕೊಡುತ್ತದೆ. ಸೇರಿದ ಮೇಲೆ ಮಾತ್ರ ಕೊಡುತ್ತದೆ. ಮೂರು ತಿಂಗಳೊಳಗೆ ಆ ವ್ಯಕ್ತಿ ಬಿಟ್ಟರೆ ಬದಲಿ ಹುಡುಕಿಕೊಡಬೇಕು ಎಂಬ ಕರಾರೂ ಸಾಮಾನ್ಯ. ಇದೇ ರಿಕ್ವೈರ್‌ಮೆಂಟನ್ನು ಕಂಪನಿ ನಾಲ್ಕೈದು ಕನ್ಸಲ್ಟೆನ್ಸಿಗಳಿಗೆ ಒಟ್ಟಿಗೇ ಕೊಟ್ಟಿರುತ್ತದೆ. ಯಾರು ಮೊದಲು ನನ್ನ ರೆಸ್ಯೂಮೆಯನ್ನು ಕಂಪನಿಯ ಪೋರ್ಟಲ್ಲಿಗೆ ಏರಿಸುತ್ತಾರೋ ಆ ಎರಡು ಲಕ್ಷದ ಹಕ್ಕು ಅವರದು.

ಈ ಒಂದು ಲೆಕ್ಕ ಗೊತ್ತಿದ್ದರೆ ಆ ಸಂದೇಶಗಳ ಅರ್ಧ ವಿಚಿತ್ರಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ‘ಅರ್ಜೆಂಟ್’ ಎಂದು ದೊಡ್ಡ ಅಕ್ಷರದಲ್ಲಿ ಬರೆಯುವುದು ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಅರ್ಜೆಂಟು. ನಾನೇನು ಕೆಲಸ ಮಾಡುತ್ತೇನೆ ಎನ್ನುವುದಕ್ಕಿಂತ ಮೊದಲು ನೋಟಿಸ್ ಅವಧಿ ಕೇಳುವುದು ಒರಟುತನವಲ್ಲ, ತೊಂಬತ್ತು ದಿನ ಎಂದರೆ ಅವರ ದುಡ್ಡು ನಾಲ್ಕು ತಿಂಗಳು ದೂರ ಹೋಯಿತು. ಕಂಪನಿಯ ಹೆಸರು ಮುಚ್ಚಿಡುವುದು ಕೂಡ ಮೋಸವಲ್ಲ. ಹೆಸರು ಹೇಳಿದರೆ ನಾನು ನೇರವಾಗಿ ಕಂಪನಿಗೇ ಅರ್ಜಿ ಹಾಕಬಹುದು, ಆಗ ಅವರ ಎರಡು ಲಕ್ಷ ಕೈತಪ್ಪುತ್ತದೆ. ಹಾಗಾಗಿ ಈಗ ನಾನು ಯಾವ ಸಂದೇಶ ಬಂದರೂ ಅದರ ಭಾಷೆ, ಲೋಗೊ, ವ್ಯಾಕರಣ ಇವನ್ನೆಲ್ಲ ಆಮೇಲೆ ನೋಡುತ್ತೇನೆ. ಮೊದಲು ಕೇಳಿಕೊಳ್ಳುವುದು ಒಂದೇ: ಇದನ್ನು ಬರೆದವರಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಇದನ್ನು ಕಲಿಯುವುದಕ್ಕೆ ನಾನು ಸ್ವಲ್ಪ ಬೆಲೆ ತೆತ್ತಿದ್ದೇನೆ. ಎರಡು ವರ್ಷದ ಹಿಂದೆ, ಕೆಲಸ ಬದಲಿಸುವ ಮನಸ್ಸಿದ್ದ ಹೊತ್ತಿನಲ್ಲಿ, ಒಂದೇ ವಾರ ಎರಡು ಸಂದೇಶಗಳು ಬಂದಿದ್ದವು. ಒಂದನ್ನು ನಾನು ನೋಡಿದ ಕೂಡಲೇ ಪಕ್ಕಕ್ಕಿಟ್ಟೆ, ಇನ್ನೊಂದಕ್ಕೆ ಮನಸೋತೆ. ಎರಡೂ ತಪ್ಪು.

ಮೊದಲನೆಯದು ಜಿಮೇಲ್ ವಿಳಾಸದಿಂದ ಬಂದಿತ್ತು. ‘ಡಿಯರ್ ಕ್ಯಾಂಡಿಡೇಟ್’ ಎಂಬ ಸಂಬೋಧನೆ, ಹಳದಿ ಬಣ್ಣ ಬಳಿದ ಸಾಲುಗಳು, ಕೆಳಗೆ ತುಂಬಿಸಿ ಕಳುಹಿಸಬೇಕಾದ ಒಂದು ಕೋಷ್ಟಕ: ಒಟ್ಟು ಅನುಭವ, ಸಂಬಂಧಪಟ್ಟ ಅನುಭವ, ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ಅವಧಿ. ಕಂಪನಿಯ ಹೆಸರಿಲ್ಲ. ವೈಟ್‌ಫೀಲ್ಡ್, ವಾರಕ್ಕೆ ಮೂರು ದಿನ ಕಚೇರಿ ಎಂದಿತ್ತು.

ಎರಡನೆಯದು ಎಲ್ಲರಿಗೂ ಗೊತ್ತಿರುವ ಒಂದು ದೊಡ್ಡ ಕಂಪನಿಯ ಹೆಸರಿನಲ್ಲಿ ಬಂತು. ನನ್ನ ಹೆಸರನ್ನು ತಪ್ಪಿಲ್ಲದೆ ಬರೆದಿತ್ತು, ಇದೇ ಒಂದು ಅಪರೂಪ. ನಾನು ಈಗಿರುವ ಕಂಪನಿ, ಪೋಸ್ಟ್‌ಗ್ರೆಸ್ ಮತ್ತು ಕ್ಲೌಡ್ ಕೆಲಸಗಳಲ್ಲಿನ ನನ್ನ ‘ನಾಯಕತ್ವ’, ಎಲ್ಲವನ್ನೂ ಹೊಗಳಿತ್ತು. ಮನೆಯಿಂದಲೇ ಕೆಲಸ, ಸಂಬಳ ಈಗಿನದಕ್ಕಿಂತ ಅರ್ಧದಷ್ಟು ಹೆಚ್ಚು.

ಈಗ ಆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನನಗೆ ನಾಚಿಕೆಯಾಗುತ್ತದೆ. ಎರಡನೆಯ ಸಂದೇಶದಲ್ಲಿ ಕೆಲಸದ ಬಗ್ಗೆ ಏನೂ ಇರಲಿಲ್ಲ. ಇದ್ದುದೆಲ್ಲ ನನ್ನ ಬಗ್ಗೆ, ಅದೂ ನನ್ನದೇ ಪ್ರೊಫೈಲಿನಿಂದ ಎತ್ತಿಕೊಂಡದ್ದು. ಕನ್ನಡಿ ಹಿಡಿದಿದ್ದರು, ನಾನು ಮುಖ ನೋಡಿಕೊಂಡು ಖುಷಿಪಟ್ಟೆ. ಮೊದಲನೆಯದರಲ್ಲಿ, ಆ ಹಳದಿ ಬಣ್ಣದ ನಡುವೆ, ಹೀಗೊಂದು ಸಾಲಿತ್ತು: ಪೋಸ್ಟ್‌ಗ್ರೆಸ್ 11ರಿಂದ 15ಕ್ಕೆ ಲಾಜಿಕಲ್ ರೆಪ್ಲಿಕೇಷನ್ ಮೂಲಕ ಸಾಗಿಸಿದ ಅನುಭವ ಬೇಕು, ಸೇವೆ ನಿಲ್ಲುವ ಸಮಯ ಮೂವತ್ತು ನಿಮಿಷ ದಾಟಬಾರದು.

ಈ ಸಾಲನ್ನು ಯಾವ ರಿಕ್ರೂಟರೂ ತಾನಾಗಿ ಬರೆಯಲಾರರು. ಇದು ಕೈಸುಟ್ಟುಕೊಂಡ ಒಬ್ಬ ಮ್ಯಾನೇಜರ್ ಬರೆದ ಸಾಲು. ಪೋಸ್ಟ್‌ಗ್ರೆಸ್‌ನ ಪ್ರತಿ ದೊಡ್ಡ ಆವೃತ್ತಿಗೂ ಸುಮಾರು ಐದು ವರ್ಷ ಮಾತ್ರ ತಿದ್ದುಪಡಿಗಳು ಸಿಗುತ್ತವೆ. 11ನೇ ಆವೃತ್ತಿಗೆ ಅದು 2023ರ ನವೆಂಬರಿನಲ್ಲಿ ಮುಗಿಯಿತು. ಅಂದಮೇಲೆ 11ರಲ್ಲಿ ಉಳಿದುಕೊಂಡಿದ್ದ ಕಂಪನಿಗೆ ಬೆನ್ನ ಹಿಂದೆ ಬೆಂಕಿ ಇತ್ತು. ಲಾಜಿಕಲ್ ರೆಪ್ಲಿಕೇಷನ್ ಎಂದರೆ ಹಳೆಯ ಡೇಟಾಬೇಸ್ ನಡೆಯುತ್ತಿರುವಾಗಲೇ ಹೊಸ ಆವೃತ್ತಿಯಲ್ಲಿ ಅದರ ನಕಲನ್ನು ಬೆಳೆಸುತ್ತ ಹೋಗಿ, ಕೊನೆಗೆ ಒಂದು ರಾತ್ರಿ ಗ್ರಾಹಕರನ್ನು ಅತ್ತ ತಿರುಗಿಸುವುದು. ಆ ದಾರಿ 10ನೇ ಆವೃತ್ತಿಯಿಂದ ಒಳಗೇ ಇರುವುದರಿಂದ 11ರಿಂದ ಹೊರಡುವವರಿಗೆ ಅದು ಸಹಜ ಆಯ್ಕೆ. ಎಲ್ಲವೂ ಒಂದಕ್ಕೊಂದು ಕೂಡುತ್ತಿತ್ತು. ನಾನು ಅದೇ ಕೆಲಸವನ್ನು ಹಿಂದಿನ ವರ್ಷ ಮಾಡಿ ಮುಗಿಸಿದ್ದೆ. ನನಗೆಂದೇ ಹೊಲಿದ ಅಂಗಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಿದ್ದರು, ನಾನು ಪತ್ರಿಕೆ ನೋಡಿ ಎಸೆದೆ.

ಹೀಗಾಗಿ ಸಂದೇಶ ನನಗೆ ಸಂಬಂಧಪಟ್ಟದ್ದೇ ಎಂದು ನೋಡುವಾಗ ಈಗ ನಾನು ಹುಡುಕುವುದು ಕಳುಹಿಸಿದವರು ತಾವೇ ಬರೆದಿರಲಾರದ ಆ ಒಂದು ಸಾಲನ್ನು. ಆವೃತ್ತಿಯ ಸಂಖ್ಯೆ, ತಂಡದ ಗಾತ್ರ, ರಾತ್ರಿ ಪಾಳಿ ಇದೆಯೇ ಎಂಬ ಎಚ್ಚರಿಕೆ, ‘ಬರೀ ಒರಾಕಲ್ ಬಲ್ಲವರು ಬೇಡ’ ಎಂಬ ಖಂಡಿತದ ಮಾತು, ಏನಾದರೂ ಸರಿ. ಒಂದೂ ಇಲ್ಲದಿದ್ದರೆ ಅದು ಪದಗಳ ಪಟ್ಟಿ. ಅಂಥದ್ದಕ್ಕೆ ನಾನು ಫೋನು ಎತ್ತುವುದಿಲ್ಲ. ಮನಸ್ಸು ಬಂದರೆ ಒಂದು ಸಾಲಿನ ಉತ್ತರ ಬರೆಯುತ್ತೇನೆ: ಕೆಲಸದ ಪೂರ್ತಿ ವಿವರ ಮತ್ತು ಸಂಬಳದ ಮಿತಿ ಕಳುಹಿಸಿ, ಆಮೇಲೆ ಮಾತಾಡೋಣ. ಪಟ್ಟಿಗೆ ಗುರುತು ಹಾಕಿ ಕಳುಹಿಸಿದವರಲ್ಲಿ ಬಹುಪಾಲು ಜನ ಇದಕ್ಕೆ ಉತ್ತರ ಕೊಡುವುದಿಲ್ಲ. ಕೊಟ್ಟವರ ಜೊತೆ ಮಾತಾಡಿದರೆ ನಷ್ಟವಿಲ್ಲ.

(ಲಿಂಕ್ಡ್‌ಇನ್‌ನ ಇನ್‌ಮೇಲ್ ಆದರೆ ಬೇಡ ಎನ್ನುವುದಕ್ಕೂ ಉತ್ತರ ಬರೆಯುತ್ತೇನೆ. ರಿಕ್ರೂಟರಿಗೆ ಇನ್‌ಮೇಲ್‌ಗಳು ಎಣಿಸಿ ಕೊಟ್ಟಿರುತ್ತಾರೆ. ತೊಂಬತ್ತು ದಿನದೊಳಗೆ ಉತ್ತರ ಬಂದರೆ, ಅದು ‘ಬೇಡ’ ಎಂದಾದರೂ ಸರಿ, ಖರ್ಚಾದ ಒಂದು ಅವರಿಗೆ ಮರಳಿ ಸಿಗುತ್ತದೆ. ನನ್ನ ಎರಡು ಸೆಕೆಂಡಿಗೆ ಅವರಿಗೊಂದು ಅಂಚೆಚೀಟಿ.)

ಎರಡನೆಯ ಸಂದೇಶದ ಕತೆ ಮುಂದುವರಿಯಿತು. ಉತ್ತರಿಸಿದೆ. ಮರುದಿನ ‘ಸಂದರ್ಶನ’. ಅದು ಚಾಟ್ ಆ್ಯಪ್‌ನಲ್ಲಿ, ಬರಹದಲ್ಲೇ. ಹತ್ತು ಪ್ರಶ್ನೆ, ಹತ್ತು ಉತ್ತರ, ಯಾರ ದನಿಯೂ ಇಲ್ಲ, ಮುಖವೂ ಇಲ್ಲ. ದೊಡ್ಡ ಕಂಪನಿಗಳಲ್ಲಿ ಈಗ ಹೀಗೂ ಮಾಡುತ್ತಾರೇನೋ ಎಂದುಕೊಂಡೆ. ಮಾರನೆಯ ದಿನ ಆಯ್ಕೆಯಾಗಿದ್ದೀರಿ ಎಂದರು. ‘ಆಫರ್ ಲೆಟರ್ ತಯಾರಿಸಲು’ ಪ್ಯಾನ್ ಕಾರ್ಡಿನ ಮತ್ತು ವಿಳಾಸದ ದಾಖಲೆಯ ಪ್ರತಿ ಕೇಳಿದರು. ಕೊಟ್ಟೆ. ಲೋಗೊ, ಮೊಹರು, ಸಹಿ ಎಲ್ಲ ಇರುವ ಪಿಡಿಎಫ್ ಬಂತು. ಅದರ ಮೂರನೆಯ ಪುಟದಲ್ಲಿ, ಮನೆಗೆ ಕಳುಹಿಸುವ ಲ್ಯಾಪ್‌ಟಾಪಿಗೆ 14,500 ರೂಪಾಯಿ ಭದ್ರತಾ ಠೇವಣಿ, ಮೊದಲ ಸಂಬಳದ ಜೊತೆ ವಾಪಸ್ ಎಂದಿತ್ತು.

ಅಲ್ಲಿಗೆ ನನ್ನ ಕೈ ನಿಂತಿತು. ಜಾಣತನದಿಂದಲ್ಲ, ಚಿಕ್ಕಪ್ಪನ ಮಗಳ ಲೆಕ್ಕ ನೆನಪಾಗಿ. ಕಂಪನಿ ಕನ್ಸಲ್ಟೆನ್ಸಿಗೆ ಕೊಡುತ್ತದೆ, ಕಂಪನಿ ನೌಕರನಿಗೆ ಕೊಡುತ್ತದೆ. ಈ ವ್ಯವಹಾರದಲ್ಲಿ ಮೊದಲ ಸಲ ದುಡ್ಡು ನನ್ನಿಂದ ಹೊರಡುತ್ತಿತ್ತು. ಇಷ್ಟು ದಿನ ನನ್ನ ಮೇಲೆ ಸಮಯ ಸುರಿದ ಈ ‘ಎಚ್‌ಆರ್’ಗೆ ಬೇರೆ ಯಾವ ವರಮಾನದ ಮೂಲವೂ ಇರಲಿಲ್ಲ.

ಆಮೇಲೆ ಕೂತು, ಮೊದಲೇ ಮಾಡಬೇಕಾಗಿದ್ದ ತನಿಖೆ ಮಾಡಿದೆ. ಜಿಮೇಲ್‌ನಲ್ಲಿ ಸಂದೇಶದ ಬಲತುದಿಯ ಮೂರು ಚುಕ್ಕೆ ಒತ್ತಿದರೆ ‘ಶೋ ಒರಿಜಿನಲ್’ ಎಂಬ ಆಯ್ಕೆ ಇದೆ. ಅದನ್ನು ತೆರೆದಾಗ ಕಂಡದ್ದರ ಮುಖ್ಯ ಭಾಗ ಹೀಗಿತ್ತು. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

```
From: "HR Team" <hr@example.com-careers.test>
Reply-To: <hr-desk@example.net>
SPF: PASS   DKIM: PASS   DMARC: PASS
```

ಕಂಪನಿಯ ನಿಜವಾದ ವಿಳಾಸ `example.com` ಎಂದಿಟ್ಟುಕೊಳ್ಳಿ. ನಾನು ಎಡದಿಂದ ಓದಿದೆ, `example.com` ಕಣ್ಣಿಗೆ ಬಿತ್ತು, ನಂಬಿದೆ. ಆದರೆ ಇಂಥ ವಿಳಾಸಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕೊನೆಯ ಚುಕ್ಕೆಯ ಎರಡೂ ಬದಿಯಲ್ಲಿರುವುದೇ ಮನೆ: ಇಲ್ಲಿ `com-careers.test`. ಅದರ ಹಿಂದೆ ಇರುವ `example` ಆ ಮನೆಯೊಳಗಿನ ಒಂದು ಕೋಣೆಗೆ ಅಂಟಿಸಿದ ಚೀಟಿ. ಮನೆ ನನ್ನದಾದರೆ ಕೋಣೆಗೆ ‘ವಿಧಾನಸೌಧ’ ಎಂದೂ ಚೀಟಿ ಅಂಟಿಸಬಹುದು, ಕೇಳುವವರಿಲ್ಲ. (`.co.in` ಥರದವುಗಳಲ್ಲಿ ಮಾತ್ರ ಬಲಗಡೆಯ ಮೂರು ತುಂಡುಗಳನ್ನು ಒಟ್ಟಿಗೆ ನೋಡಬೇಕು.)

ಇದಕ್ಕಿಂತ ನನ್ನನ್ನು ಹೆಚ್ಚು ಪೇಚಿಗೆ ಸಿಲುಕಿಸಿದ್ದು ಮೂರನೆಯ ಸಾಲು. ತಂತ್ರಜ್ಞಾನ ಬಲ್ಲ ನಮ್ಮಂಥವರಿಗೆ ಆ ಮೂರು ‘ಪಾಸ್’ಗಳ ಮೇಲೆ ಬಹಳ ಭಕ್ತಿ. ಅವು ಹೇಳುವುದೇನು? ಈ ಮೇಲ್ ನಿಜವಾಗಿಯೂ ಆ ಮನೆಯಿಂದಲೇ ಹೊರಟಿದೆ, ದಾರಿಯಲ್ಲಿ ಯಾರೂ ಅದನ್ನು ತಿದ್ದಿಲ್ಲ ಎಂದು. ಮನೆಯ ಯಜಮಾನ ಒಳ್ಳೆಯವನೇ ಎಂದು ಅವು ಹೇಳುವುದಿಲ್ಲ. ಹೊಸ ಹೆಸರನ್ನು ಕಾಸು ಕೊಟ್ಟು ನೋಂದಾಯಿಸಿದ ಯಾರು ಬೇಕಾದರೂ ಅರ್ಧ ಗಂಟೆಯಲ್ಲಿ ಮೂರಕ್ಕೂ ‘ಪಾಸ್’ ಪಡೆಯಬಹುದು. ಅಲ್ಲಿ ‘ಫೇಲ್’ ಎಂದಿದ್ದರೆ ಎಚ್ಚರವಾಗಬೇಕು ನಿಜ, ‘ಪಾಸ್’ ಎಂದಿದ್ದರೆ ನಮಗೆ ಹೊಸದೇನೂ ತಿಳಿದಂತಾಗಲಿಲ್ಲ. ಸುಳಿವು ಕೊಟ್ಟದ್ದು ಅದರ ಮೇಲಿನ ಸಾಲು: ನಾನು ಬರೆದ ಉತ್ತರಗಳು ಕಳುಹಿಸಿದವರ ವಿಳಾಸಕ್ಕಲ್ಲ, ಬೇರೊಂದು ಕಡೆಗೆ ಹೋಗುತ್ತಿದ್ದವು. ಇನ್ನೊಂದು ಸುಳಿವು `whois` ಎಂಬ ಆಜ್ಞೆಯಿಂದ ಸಿಕ್ಕಿತು. ಅದು ಯಾವ ಹೆಸರು ಯಾವತ್ತು ನೋಂದಣಿಯಾಯಿತು ಎಂದು ತೋರಿಸುತ್ತದೆ. ದಶಕಗಳ ಇತಿಹಾಸದ ಕಂಪನಿಯ ನೇಮಕಾತಿ ವಿಭಾಗ ಹುಟ್ಟಿ ಹತ್ತೊಂಬತ್ತು ದಿನವಾಗಿತ್ತು.

ಹಾಗೆಂದು, ಕಂಪನಿಯ ವಿಳಾಸಕ್ಕೆ ಹೊಂದದ ಮೇಲ್‌ಗಳೆಲ್ಲ ಮೋಸವೆಂದು ತಿಳಿದರೆ ಅದೂ ಎಡವಟ್ಟು. ಅನೇಕ ಕಂಪನಿಗಳು ಅರ್ಜಿಗಳನ್ನು ನಿಭಾಯಿಸಲು ಬೇರೆಯವರ ತಂತ್ರಾಂಶ ಬಳಸುತ್ತವೆ, ಹಾಗಾಗಿ ನಿಜವಾದ ಪತ್ರವೇ `myworkday.com` ಅಥವಾ `greenhouse-mail.io` ಕಡೆಯಿಂದ ಬರಬಹುದು. ಕನ್ಸಲ್ಟೆನ್ಸಿಯ ಮೇಲ್ ಕನ್ಸಲ್ಟೆನ್ಸಿಯ ವಿಳಾಸದಿಂದಲೇ ಬರುತ್ತದೆ. ತೀರಾ ಸಣ್ಣ ಕನ್ಸಲ್ಟೆನ್ಸಿಗಳು ಜಿಮೇಲ್‌ನಲ್ಲೇ ವ್ಯಾಪಾರ ನಡೆಸುತ್ತವೆ. ಆದ್ದರಿಂದ ಸಂದೇಶದೊಳಗೆ ಎಷ್ಟು ಅಗೆದರೂ ಒಂದು ಹಂತದ ನಂತರ ಉತ್ತರ ಸಿಗುವುದಿಲ್ಲ, ಹೊರಗಿನಿಂದ ಕೇಳಬೇಕು. ಮೇಲ್‌ನಲ್ಲಿರುವ ಕೊಂಡಿ ಒತ್ತದೆ, ಕಂಪನಿಯ ಜಾಲತಾಣದ ಹೆಸರನ್ನು ನಾವೇ ಟೈಪ್ ಮಾಡಿ ಹೋಗಿ, ಆ ಕೆಲಸದ ಸಂಖ್ಯೆ ಅಲ್ಲಿದೆಯೇ ಎಂದು ನೋಡುವುದು. ಅಲ್ಲಿ ಕೊಟ್ಟಿರುವ ಫೋನಿಗೆ ಕರೆ ಮಾಡಿ ಈ ಹೆಸರಿನವರು ನಿಮ್ಮಲ್ಲಿದ್ದಾರೆಯೇ ಎಂದು ಕೇಳುವುದು. ಇದ್ದಾರೆ ಎಂದರೂ, ಆ ಮೇಲ್ ಅವರೇ ಕಳುಹಿಸಿದ್ದೇ ಎಂದು ಇನ್ನೊಂದು ಮಾತು ಕೇಳಬೇಕು. ನನ್ನ ವಿಷಯದಲ್ಲಿ ಮೋಸಗಾರರು ಬಳಸಿದ್ದು ಅಲ್ಲಿ ನಿಜವಾಗಿಯೂ ಕೆಲಸ ಮಾಡುವ ಒಬ್ಬರ ಹೆಸರನ್ನು. ಲಿಂಕ್ಡ್‌ಇನ್‌ನಲ್ಲಿ ‘ಅಬೌಟ್ ದಿಸ್ ಪ್ರೊಫೈಲ್’ ಒತ್ತಿದರೆ ಖಾತೆ ಯಾವಾಗ ಶುರುವಾಯಿತು ಎಂದು ಕಾಣುತ್ತದೆ. ಹದಿನೈದು ವರ್ಷದ ಅನುಭವ ಬರೆದುಕೊಂಡವರ ಖಾತೆ ಹೋದ ತಿಂಗಳು ಹುಟ್ಟಿದ್ದರೆ ಮುಂದೆ ಯೋಚಿಸುವ ಅಗತ್ಯವಿಲ್ಲ.

ಠೇವಣಿ ಕಟ್ಟಲಿಲ್ಲ, ಆದರೆ ಪ್ಯಾನ್ ಪ್ರತಿ ಹೋಗಿತ್ತು. ಅದನ್ನು ವಾಪಸ್ ತರಿಸಿಕೊಳ್ಳುವ ದಾರಿಯಿಲ್ಲ. ನನ್ನ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಿದರೆ ಕ್ರೆಡಿಟ್ ವರದಿಯಲ್ಲಿ ಕಾಣಿಸುತ್ತದೆ. ಸಿಬಿಲ್ ಸೇರಿದಂತೆ ನಾಲ್ಕು ಸಂಸ್ಥೆಗಳು ಇಂಥ ವರದಿ ಇಡುತ್ತವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನು ಮೂರು ತಿಂಗಳಿಗೊಂದರಂತೆ ಹಂಚಿಕೊಂಡು ನೋಡುತ್ತ ಬಂದಿದ್ದೇನೆ. ಇದುವರೆಗೆ ಏನೂ ಕಂಡಿಲ್ಲ. ದುಡ್ಡನ್ನೇ ಕಳೆದುಕೊಂಡವರು ಮಾಡಬೇಕಾದದ್ದು ತಕ್ಷಣ 1930ಕ್ಕೆ ಕರೆ ಮತ್ತು `cybercrime.gov.in`ನಲ್ಲಿ ದೂರು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯುವ ಅವಕಾಶ ಕೆಲವೇ ಗಂಟೆಗಳದು, ಸಂಜೆಗೆ ಮಾಡೋಣ ಎಂದರೆ ಆಗುವುದಿಲ್ಲ.

ದಾಖಲೆಗಳ ವಿಷಯದಲ್ಲಿ ಅಂದಿನಿಂದ ಒಂದು ಪಟ್ಟು ಹಿಡಿದಿದ್ದೇನೆ. ರೆಸ್ಯೂಮೆ, ಅನುಭವ, ನೋಟಿಸ್ ಅವಧಿ ಯಾರು ಕೇಳಿದರೂ ಕೊಡುತ್ತೇನೆ. ಸಂಬಳದ ಚೀಟಿ, ಪ್ಯಾನ್, ಆಧಾರ್, ಇವು ಕಂಪನಿಯ ಮನುಷ್ಯರ ಮುಖ ನೋಡಿ ಮಾತಾಡಿ, ಸಂಬಳದ ಮಾತು ಮುಗಿದ ಮೇಲೆ. ಕೆಲವು ಕಂಪನಿಗಳ ಪೋರ್ಟಲ್‌ಗಳಲ್ಲಿ ಒಬ್ಬರೇ ಎರಡು ಸಲ ಬರದಂತೆ ಪ್ಯಾನ್ ಸಂಖ್ಯೆಯ ಕೆಲವು ಅಕ್ಷರ ಕೇಳುವುದುಂಟು ಎಂದು ಚಿಕ್ಕಪ್ಪನ ಮಗಳು ಹೇಳುತ್ತಾಳೆ. ಅಷ್ಟು ಅಕ್ಷರ ಕೊಡಬಹುದು, ಕಾರ್ಡಿನ ಚಿತ್ರವನ್ನಲ್ಲ.

ಪ್ರಾಮಾಣಿಕ ಕನ್ಸಲ್ಟೆನ್ಸಿಯಿಂದಲೂ ಏಟು ಬೀಳುವ ಒಂದು ಜಾಗವಿದೆ. ಒಂದು ಸಲ ಒಬ್ಬ ರಿಕ್ರೂಟರ್ ನನ್ನ ಒಪ್ಪಿಗೆ ಕೇಳದೆ ರೆಸ್ಯೂಮೆ ಏರಿಸಿಬಿಟ್ಟಿದ್ದರು. ನಾನು ಒಪ್ಪಿಗೆ ಕೊಟ್ಟದ್ದು ಬೇರೆಯವರಿಗೆ. ಕಂಪನಿಯವರು ಇಬ್ಬರ ಜಗಳ ನಮಗೇಕೆ ಎಂದು ನನ್ನನ್ನೇ ಬದಿಗೆ ಸರಿಸಿದರು. ಈಗ ಫೋನಿನಲ್ಲಿ ಎಷ್ಟೇ ಮಾತಾಡಿದ್ದರೂ, ಕಂಪನಿಯ ಹೆಸರು ಮತ್ತು ಕೆಲಸದ ಸಂಖ್ಯೆ ಬರೆದು ‘ಈ ಕೆಲಸಕ್ಕೆ ಮಾತ್ರ ನನ್ನ ರೆಸ್ಯೂಮೆ ಕಳುಹಿಸಬಹುದು’ ಎಂದು ನಾನು ಮೇಲ್ ಮಾಡುವವರೆಗೆ ಕಳುಹಿಸಬೇಡಿ ಎನ್ನುತ್ತೇನೆ. ನಿಜವಾದವರು ಒಪ್ಪುತ್ತಾರೆ, ಏಕೆಂದರೆ ನಾಳೆ ಜಗಳ ಬಂದರೆ ಅವರ ಎರಡು ಲಕ್ಷಕ್ಕೆ ಸಾಕ್ಷಿ ಆ ಮೇಲೇ.

ಹಳದಿ ಬಣ್ಣದ ಸಂದೇಶಕ್ಕೆ ನಾನು ಉತ್ತರ ಬರೆದದ್ದು ಹನ್ನೆರಡು ದಿನ ತಡವಾಗಿ, ನಾಚಿಕೆಯ ಬಿಸಿ ಇನ್ನೂ ಆರುವ ಮೊದಲು. ಫೋನ್ ಮಾಡಿದವರು ಹುಬ್ಬಳ್ಳಿ ಕಡೆಯ ಹೆಣ್ಣುಮಗಳು, ಇಬ್ಬರೇ ಇರುವ ಕನ್ಸಲ್ಟೆನ್ಸಿ. ಕೇಳಿದ ಕೂಡಲೇ ಸಂಬಳದ ಮಿತಿ ಹೇಳಿದರು, ಒಪ್ಪಿಗೆಯ ಮೇಲ್ ಕೇಳುವ ಮೊದಲು ಕಂಪನಿಯ ಹೆಸರನ್ನೂ ಹೇಳಿದರು. ಎರಡು ಸುತ್ತು ಮಾತುಕತೆ ಆಯಿತು. ಆ ಮ್ಯಾನೇಜರ್ ನಿಜಕ್ಕೂ ಕೈಸುಟ್ಟುಕೊಂಡವರೇ. ಒಮ್ಮೆ, ಹೊಸ ದಾಖಲೆಗಳಿಗೆ ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳ ಸಂಖ್ಯೆಯನ್ನು ಹೊಸ ಕಡೆಗೆ ಒಯ್ಯಲು ಮರೆತು ರಾತ್ರಿಯಿಡೀ ಒದ್ದಾಡಿದ ಕತೆ ಹೇಳಿದರು, ನಾನು ನನ್ನದನ್ನು ಹೇಳಿದೆ. ಕೊನೆಗೆ ನನ್ನ ತೊಂಬತ್ತು ದಿನದ ನೋಟಿಸ್‌ಗೆ ಕಾಯಲಾಗದೆ ಮೂವತ್ತು ದಿನದಲ್ಲಿ ಬರುವವರನ್ನು ಆರಿಸಿಕೊಂಡರು.

ಹೋದ ತಿಂಗಳು ಅದೇ ಜಿಮೇಲ್ ವಿಳಾಸದಿಂದ ಮತ್ತೆ ಒಂದು ಮೇಲ್. ‘ಡಿಯರ್ ಕ್ಯಾಂಡಿಡೇಟ್’, ಹಳದಿ ಬಣ್ಣ, ಕೋಷ್ಟಕ, ಎಲ್ಲ ಹಾಗೆಯೇ. ಕೋಷ್ಟಕದ ಕೆಳಗೆ ಮಾತ್ರ ಕನ್ನಡದಲ್ಲಿ ಒಂದು ಸಾಲು ಸೇರಿತ್ತು: “ಸರ್, ಈಗಲೂ ತೊಂಬತ್ತು ದಿನವೇ?”